ಆಹಾರ ಮಂತ್ರಿಯ ರಾಜೀನಾಮೆ

ಜೋಕು ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಪ್ಪೆ ಜೋಕಾಗಿದ್ದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯ ಇರುತ್ತಿರಲಿಲ್ಲ. ನಾಲ್ಕು ಸಲ ಯಾರೂ ನಗದಿದ್ದರೆ ಸಪ್ಪೆ ಜೋಕು ತಾನಾಗೇ ಸಾಯುತ್ತದೆ. ಚೆನ್ನಾಗಿರುವ ಜೋಕಿಗೆ ಸಾವಿಲ್ಲ, ಅದೇ ಅದರ ತೊಂದರೆ.

ನಾವು ಐದಾರು ಜನ ಕಾಲೇಜಿನಿಂದಲೂ ಜೊತೆಗಿರುವವರು, ಹೆಂಗೋ ಮೈಸೂರಿನಲ್ಲೇ ಉಳಿದುಕೊಂಡವರು. ಭಾನುವಾರ ಬೆಳಿಗ್ಗೆ ಯಾವುದಾದರೂ ಹೋಟೆಲಿನಲ್ಲಿ ಸೇರುತ್ತೇವೆ, ಕೆಲವು ಸಲ ಸಂಸಾರ ಸಮೇತ. ಇಡ್ಲಿ, ಮಸಾಲೆ ದೋಸೆ, ಬೈಟು ಕಾಫಿ, ಅರ್ಧ ಗಂಟೆ ಹರಟೆ, ಆಮೇಲೆ ಬಿಲ್ಲು. ಮೂರು ವರ್ಷದ ಹಿಂದೆ ನಾನು ಕಂಪನಿ ಕೆಲಸ ಬಿಟ್ಟು, ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ ಹಿಡಿದಿದ್ದೆ. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ. ಕೆಲಸ ಬಿಟ್ಟ ಹೊಸದರಲ್ಲಿ ಒಂದು ಭಾನುವಾರ ಸಪ್ಲೈಯರ್ ಬಿಲ್ಲನ್ನು ತಂದು ನನ್ನ ಮುಂದೆ ಇಟ್ಟ. ಪಕ್ಕದಲ್ಲಿದ್ದ ಗೆಳೆಯ ಅದನ್ನು ಎರಡು ಬೆರಳಲ್ಲಿ ಎತ್ತಿ, ನನ್ನ ಹೆಂಡತಿಯ ಕಡೆ ಸರಿಸಿ, ಬಹಳ ಗಂಭೀರವಾಗಿ ಹೇಳಿದ: "ಸಾರ್, ಹಣಕಾಸು ಖಾತೆ ಅತ್ತಿಗೇದು. ಇವನದು ಬರೀ ಆಹಾರ ಖಾತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹೆಂಡತಿಯೂ ನಕ್ಕಳು. ಸಪ್ಲೈಯರ್ ಹುಡುಗ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಅವತ್ತು ಆ ಮಾತಿನಿಂದ ನನಗೆ ಸಮಾಧಾನವೇ ಆಗಿತ್ತು. "ಕೆಲಸ ಯಾಕೆ ಬಿಟ್ಟ, ಮನೆ ಹೆಂಗೆ ನಡೀತಿದೆ" ಅನ್ನುವ ಪ್ರಶ್ನೆ ಎಲ್ಲರ ಬಾಯಲ್ಲೂ ಬಂದು ಗಂಟಲಲ್ಲೇ ನಿಂತಿತ್ತು. ಯಾರೂ ಕೇಳುತ್ತಿರಲಿಲ್ಲ, ಬರೀ ಮುಖ ನೋಡುತ್ತಿದ್ದರು. ಇವನು ಅದನ್ನೇ ಜೋಕು ಮಾಡಿ ಮೇಜಿನ ಮೇಲೆ ಬಿಸಾಕಿದ, ಗಾಳಿ ಹಗುರಾಯಿತು. ಒಳ್ಳೆಯ ಗೆಳೆಯ ಮಾಡುವ ಕೆಲಸವೇ ಅದು. ಈ ಬರಹದಲ್ಲಿ ಅವನ ಮೇಲೆ ದೂರು ಹುಡುಕಲು ಹೊರಟವರಿಗೆ ನಿರಾಸೆ ಆಗುತ್ತದೆ.

ಆದರೆ ಜೋಕು ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಬಿಲ್ಲಿಗೂ ಬಂತು. ಕರಡು ಕೆಲಸ ಕೈಹಿಡಿದು, ನಾನೂ ಮನೆಗೆ ದುಡ್ಡು ತರಲು ಶುರುವಾದ ಮೇಲೂ ಬಂತು. ಹೋಟೆಲ್ ಬಿಟ್ಟು ಬೇರೆ ಕಡೆಗೂ ಬಂತು. ಒಬ್ಬರ ಮನೆಯ ನಾಮಕರಣದಲ್ಲಿ ಅವನ ಆಫೀಸಿನವರಿಗೆ ನನ್ನನ್ನು ಪರಿಚಯ ಮಾಡಿಸಿದ್ದೇ "ಇವರು ನಮ್ಮ ಆಹಾರ ಮಂತ್ರಿಗಳು" ಅಂತ. ಅವರು ಅರ್ಥವಾಗದೆ ನೋಡಿದಾಗ ಪೂರ್ತಿ ಕಥೆ ಬಿಚ್ಚಿದ. ಅವರಲ್ಲೊಬ್ಬರು ಆಮೇಲೆ ಕೈ ತೊಳೆಯುವ ಕಡೆ ಸಿಕ್ಕಿ, ದನಿ ತಗ್ಗಿಸಿ, "ನಮ್ಮ ಕಡೆ ಏನಾದ್ರೂ ಓಪನಿಂಗ್ ಇದ್ರೆ ಹೇಳ್ತೀನಿ ಸಾರ್" ಅಂದರು. ಪಾಪ, ಒಳ್ಳೆಯ ಮನುಷ್ಯ.

ನನಗೆ ವಿಷಯ ತಿಳಿದಿದ್ದು ಆಗಲೇ. ನಮ್ಮ ಮೇಜಿನ ಸುತ್ತ ಕೂರುವವರಿಗೆ ನನ್ನ ಕಥೆ ಪೂರ್ತಿ ಗೊತ್ತು, ಅದಕ್ಕೇ ಅವರಿಗೆ ಅದು ಜೋಕು. ಹೊರಗಿನವರಿಗೆ ಏನೂ ಗೊತ್ತಿಲ್ಲ, ಅವರಿಗೆ ಅದು ಸುದ್ದಿ. ಮಾತು ಅದೇ, ಹೇಳುವ ಧಾಟಿಯೂ ಅದೇ. ಕೇಳುವವರು ಬದಲಾದರು ಅಷ್ಟೆ.

ಇಷ್ಟಾದರೂ ಸುಮ್ಮನಿರುತ್ತಿದ್ದೆನೋ ಏನೋ. ಒಂದು ಮಧ್ಯಾಹ್ನ ಗ್ಯಾಸ್ ಸಿಲಿಂಡರ್ ಬಂತು. ನಾನು ಒಳಗೆ ಪರ್ಸ್ ಹುಡುಕುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಮಗಳು ಆ ಹುಡುಗನಿಗೆ ಹೇಳುತ್ತಿದ್ದಾಳೆ: "ಅಂಕಲ್, ದುಡ್ಡಿಗೆ ಅಮ್ಮ ಬಂದ್ಮೇಲೆ ಬನ್ನಿ. ಅಪ್ಪಂದು ಬರೀ ಆಹಾರ ಖಾತೆ." ಏಳು ವರ್ಷದ ಮಗು. ಅವಳಿಗೆ ಅದು ಜೋಕೂ ಅಲ್ಲ, ಸುದ್ದಿಯೂ ಅಲ್ಲ. ಮನೆಯ ನಿಯಮ, ಸ್ಕೂಲಿಗೆ ಒಂಬತ್ತಕ್ಕೆ ವ್ಯಾನ್ ಬರುತ್ತದೆ ಅನ್ನುವ ಹಾಗೆ.

ಜೋಕು ನಿಜವಾಗಿ ಕಾಟ ಕೊಡುತ್ತಿದೆಯಾ, ಇಲ್ಲ ಅವತ್ತು ನಮ್ಮ ಮೂಡೇ ಸರಿ ಇರಲಿಲ್ಲವಾ ಅಂತ ತಿಳಿಯುವುದು ಹೇಗೆ? ನನಗೆ ಕಂಡ ಗುರುತು ಒಂದೇ. ಜೋಕು ಬರುವ ಮುಂಚೆಯೇ ನಾವು ಏನು ಮಾಡುತ್ತೇವೆ ಅಂತ ನೋಡಿಕೊಳ್ಳಬೇಕು. ಬಂದ ಮೇಲೆ ಎಲ್ಲರೂ ನಗುತ್ತಾರೆ, ನಾವೂ ನಗುತ್ತೇವೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಕಾಫಿ ಮುಗಿಯುವ ಮೊದಲೇ ಎದ್ದು ಕೈ ತೊಳೆಯಲು ಹೋಗಲು ಶುರು ಮಾಡಿದ್ದೆ. ಒಂದೆರಡು ಸಲ ಕೌಂಟರಿಗೇ ಹೋಗಿ ಮುಂಚಿತವಾಗಿ ದುಡ್ಡು ಕಟ್ಟಿ ಬಂದಿದ್ದೆ. ಗೆಳೆಯರ ಪಾಲಿನದೂ ಸೇರಿಸಿ, ನನಗೆ ಸುಲಭವಲ್ಲದ ತಿಂಗಳಲ್ಲೂ. ಒಂದು ಜೋಕಿನಿಂದ ತಪ್ಪಿಸಿಕೊಳ್ಳಲು ಜೇಬಿನಿಂದ ದುಡ್ಡು ಹೋಗುತ್ತಿದೆ ಅಂದರೆ, ಅದು ಮೂಡಿನ ವಿಷಯ ಅಲ್ಲ.

ಹಾಗಿದ್ದರೆ ಅಲ್ಲೇ, ಮೇಜಿನ ಮೇಲೆ, "ಸಾಕು ಮಾರಾಯ" ಅಂದುಬಿಡಬಹುದಲ್ವಾ? ಆಗುವುದಿಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ವಿವರ ಬೇಕು.

ಪಾಲ್ ಡ್ರೂ ಅಂತ ಒಬ್ಬ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ 1987ರಲ್ಲಿ ಒಂದು ಲೇಖನ ಬರೆದರು. ಜನ ಮಾಮೂಲಿಯಾಗಿ ಆಡಿದ ಮಾತುಗಳ ರೆಕಾರ್ಡಿಂಗ್ ಇಟ್ಟುಕೊಂಡು, ಯಾರಾದರೂ ಕಾಲೆಳೆದಾಗ ಎಳೆಸಿಕೊಂಡವರು ಏನು ಉತ್ತರ ಕೊಡುತ್ತಾರೆ ಅಂತ ನೋಡಿದರು. ತಮಾಷೆ ಅಂತ ಚೆನ್ನಾಗಿ ಗೊತ್ತಿದ್ದರೂ, ಎಷ್ಟೋ ಸಲ ತಾವೇ ನಗುತ್ತಿದ್ದರೂ, ಬಹುತೇಕ ಜನ ಸೀರಿಯಸ್ಸಾಗಿಯೇ ಉತ್ತರ ಕೊಡುತ್ತಾರಂತೆ. "ಇಲ್ಲಪ್ಪ, ಹಾಗಲ್ಲ, ನಿಜವಾಗಿ ಆಗಿದ್ದು ಹೀಗೆ" ಅನ್ನುವ ಧಾಟಿಯಲ್ಲಿ. ಇದನ್ನು ಓದಿದಾಗ ನನಗೆ ಒಂಥರಾ ಧೈರ್ಯ ಬಂತು. ನಗುತ್ತಲೇ ಲೆಕ್ಕ ಒಪ್ಪಿಸುವವನು ನಾನೊಬ್ಬನೇ ಅಲ್ಲ ಅಂತಾಯಿತು. ತಮಾಷೆಗೆ ನೇರ ಉತ್ತರ ಕೊಟ್ಟರೆ ಹಾಸ್ಯಪ್ರಜ್ಞೆ ಇಲ್ಲ ಅಂತ ಅಲ್ಲ, ಮನುಷ್ಯರು ಇರುವುದೇ ಹಾಗೆ.

ಆದರೆ ಮೇಜಿನ ಮೇಲೆ ಆ ನೇರ ಉತ್ತರಕ್ಕೆ ಏನಾಗುತ್ತದೆ ನೋಡಿ. ನಾನು "ಇಲ್ಲಪ್ಪ, ಹೋದ ವಾರ ನಾನೇ ಕೊಟ್ಟಿದ್ದು" ಅಂದರೆ ಅವನು "ಓಹೋ, ಪೂರಕ ಬಜೆಟ್ ಮಂಡನೆ ಆಯ್ತು" ಅನ್ನುತ್ತಾನೆ. ನಾನು ಸುಮ್ಮನಾದರೆ "ಮಂತ್ರಿಗಳು ಪ್ರತಿಕ್ರಿಯೆಗೆ ಸಿಗಲಿಲ್ಲ." ಮುಖ ಸಣ್ಣ ಮಾಡಿಕೊಂಡರೆ "ಖಾತೆ ಕ್ಯಾತೆ ಶುರುವಾಯ್ತು." ಜನರ ಮುಂದೆ ನಾವು ಏನೇ ಹೇಳಿದರೂ ಅದು ಮುಂದಿನ ಜೋಕಿಗೆ ಸಾಮಾನು. ಅವನು ಬೇಕಂತ ಮಾಡುತ್ತಾನೆ ಅಂತಲ್ಲ. ಸುತ್ತ ಐದು ಜನ ನಗಲು ತಯಾರಾಗಿ ಕೂತಿರುವಾಗ ಯಾರಾದರೂ ಹಾಗೇ ಮಾಡುತ್ತಾರೆ.

ತಿರುಗಿ ಒಂದು ಕೊಡುವ ಉಪಾಯವೂ ಇದೆ. ಅವನು ಖಾತೆ ಅಂದ ತಕ್ಷಣ ಅವನ ಬಗ್ಗೆ ಅದಕ್ಕಿಂತ ಜೋರಾದ ಇನ್ನೊಂದು ಬಿಡುವುದು. ಇದನ್ನು ಸಲಹೆ ಕೊಡುವವರು ಬಹಳ ಜನ. ನನಗೇನೋ ಇದು ಜೋಕಿಗೆ ಗೊಬ್ಬರ ಹಾಕಿದ ಹಾಗೆ ಅನಿಸುತ್ತದೆ. ಇಷ್ಟು ದಿನ ಅವನೊಬ್ಬನೇ ಆಡುತ್ತಿದ್ದ, ಈಗ ಜೋಡಿ ಸಿಕ್ಕಿತು. ಮುಂದಿನ ವಾರದಿಂದ ಎಲ್ಲರೂ "ಶುರು ಮಾಡ್ರೋ" ಅಂತ ಕಾಯುತ್ತಾರೆ.

ವಾಟ್ಸಾಪ್ ಮೆಸೇಜಂತೂ ಬೇಡವೇ ಬೇಡ. ನಮ್ಮ ಬಳಗದಲ್ಲೇ ಒಬ್ಬ ತನ್ನ ಅಡ್ಡಹೆಸರಿನ ಬಗ್ಗೆ ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಉದ್ದದ ಮೆಸೇಜು ಹಾಕಿದ್ದ. ಹೇಳಿದ್ದೆಲ್ಲ ನ್ಯಾಯವಾಗಿಯೇ ಇತ್ತು. ಬೆಳಿಗ್ಗೆ ಹೊತ್ತಿಗೆ ನಾಲ್ಕು "ಸಾರಿ ಕಣೋ", ನಾಲ್ಕು ಕೈಮುಗಿದ ಎಮೋಜಿ. ಅಡ್ಡಹೆಸರು ನಿಂತಿತು, ಜೊತೆಗೆ ಅವನ ಜೊತೆಗಿನ ಸಲಿಗೆಯೂ ನಿಂತಿತು. ಬರೆದ ಮಾತಿಗೆ ದನಿ ಇಲ್ಲ, ಮುಖ ಇಲ್ಲ. ಓದುವವನಿಗೆ ಅದು ಅರ್ಜಿಯ ಹಾಗೋ ನೋಟಿಸಿನ ಹಾಗೋ ಕಾಣುತ್ತದೆ. ಮೇಲಾಗಿ ಅದು ಉಳಿದುಕೊಳ್ಳುತ್ತದೆ, ಆರು ತಿಂಗಳು ಬಿಟ್ಟು ಮತ್ತೆ ಓದಬಹುದು.

ಹೆಂಡತಿಯ ಕೈಲಿ ಹೇಳಿಸುವುದೂ ಒಂದು ದಾರಿ. ಅವಳೇ ಕೇಳಿದಳು, "ನಾನು ಹೇಳ್ಲಾ?" ಅಂತ. ಬೇಡ ಅಂದೆ. ಹಣಕಾಸು ಖಾತೆಯಿಂದಲೇ ಸುತ್ತೋಲೆ ಹೊರಟರೆ ಜೋಕಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಉಳಿದಿದ್ದು ಎದುರಾಎದುರು ಹೇಳುವುದು, ಒಬ್ಬನೇ ಇರುವಾಗ. ಅದಕ್ಕೆ ನಾನು ಇಟ್ಟುಕೊಂಡ ಲೆಕ್ಕ ಇಷ್ಟು. ಜೋಕು ಬಂದ ದಿನವೇ ಹೇಳಬಾರದು, ಆಗ ಅದು ಸಿಟ್ಟಿನ ಹಾಗೆ ಕೇಳುತ್ತದೆ. ತಿಂಗಳುಗಟ್ಟಲೆ ಕಾದೂ ಹೇಳಬಾರದು, ಆಗ ಹಳೇ ಲೆಕ್ಕವೆಲ್ಲ ಜೊತೆಗೆ ಬರುತ್ತದೆ. ಗ್ಲಾಸು ಕೈಯಲ್ಲಿರುವಾಗ ಬೇಡ. ಅದಕ್ಕಂತಲೇ "ನಿನ್ ಹತ್ರ ಸ್ವಲ್ಪ ಮಾತಾಡ್ಬೇಕು" ಅಂತ ಕರೆಸಿಕೊಳ್ಳುವುದೂ ಬೇಡ. ಆ ಒಂದು ವಾಕ್ಯ ಕೇಳಿದರೆ ಯಾರಿಗಾದರೂ ಸಾಲ ಕೇಳಲು ಬಂದ ಅನಿಸುತ್ತದೆ, ಇಲ್ಲ ಯಾರಿಗೋ ಕಾಯಿಲೆ ಅನಿಸುತ್ತದೆ. ಇಬ್ಬರೂ ಹೇಗೂ ಒಟ್ಟಿಗೆ ಇರುವ, ಕೆಲಸಕ್ಕೆ ಬಾರದ ಒಂದು ಹೊತ್ತು ಬೇಕು.

ನಾವಿಬ್ಬರೂ ಆಗಾಗ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇವೆ. ಪಕ್ಕಪಕ್ಕ ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಮುಜುಗರದ ಮಾತಿಗೆ ಇದು ಬಹಳ ಅನುಕೂಲ. ಕೆರೆಯಲ್ಲಿ ಹಕ್ಕಿಗಳಿವೆ, ಮಾತು ನಿಂತರೆ ಅತ್ತ ನೋಡಬಹುದು. ಅರ್ಧ ಸುತ್ತು ಆದ ಮೇಲೆ ಹೇಳಿದೆ. ಸುತ್ತು ಮುಗಿಯುವ ಹೊತ್ತಿಗೆ ಹೇಳಿದ್ದರೆ ಆ ಮಾತಿನ ಮೇಲೆ ಬಿಟ್ಟು ಮನೆಗೆ ಹೋಗಬೇಕಾಗುತ್ತಿತ್ತು, ಅದು ಬೇಡವಾಗಿತ್ತು.

ಹೇಳಿದ್ದು ಇಷ್ಟು: "ಗುರು, ಒಂದು ಸಣ್ಣ ಉಪಕಾರ ಆಗ್ಬೇಕು. ಆ ಆಹಾರ ಖಾತೆ ಜೋಕ್ ಇದೆಯಲ್ಲ, ಅದನ್ನ ಇನ್ನು ಬಿಟ್ಬಿಡೋಣ. ಮೊನ್ನೆ ಮಗಳು ಗ್ಯಾಸಿನವನಿಗೆ ಅದನ್ನೇ ಹೇಳಿದ್ಲು, ನಿಜ ಅಂದ್ಕೊಂಡು."

ಈ ಮೂರು ವಾಕ್ಯಕ್ಕೆ ನಾನು ಕರಡಿಗೆ ಕೂತಷ್ಟೇ ಹೊತ್ತು ಕೂತಿದ್ದೆ. ಅದರಲ್ಲಿ ಏನಿಲ್ಲ ಅನ್ನುವುದೇ ಮುಖ್ಯ. "ನೀನು ಯಾವಾಗ್ಲೂ" ಇಲ್ಲ. ಆ ಪದ ಬಂದ ಕೂಡಲೇ ಎದುರಿಗಿರುವವನು ಯಾವಾಗಲೂ ಅಲ್ಲದ ಎರಡು ಸಂದರ್ಭ ಹುಡುಕಲು ಹೊರಡುತ್ತಾನೆ. ನಾಮಕರಣದ ಕಥೆ ಇಲ್ಲ, ಕೌಂಟರಿನಲ್ಲಿ ದುಡ್ಡು ಕಟ್ಟಿದ ಕಥೆ ಇಲ್ಲ. ಅವನ್ನು ಹೇಳಿದ್ದರೆ ಮೂರು ವರ್ಷದಿಂದ ಲೆಕ್ಕ ಬರೆದಿಟ್ಟಿದ್ದೇನೆ ಅಂತಾಗುತ್ತಿತ್ತು. "ನನಗೆ ಎಷ್ಟು ನೋವಾಯ್ತು ಗೊತ್ತಾ" ಅನ್ನುವುದೂ ಇಲ್ಲ. ಹಾಗಂದರೆ ಅವನು ಆ ನೋವನ್ನು ತೂಗಲು ಶುರು ಮಾಡುತ್ತಾನೆ, ಇಷ್ಟಕ್ಕೆಲ್ಲ ಅಷ್ಟಾ ಅಂತ. ಯಾವ ಜೋಕು ಅನ್ನುವುದು ಮಾತ್ರ ಸ್ಪಷ್ಟವಾಗಿರಬೇಕು. "ನನ್ನ ಬಗ್ಗೆ ಜೋಕ್ ಮಾಡ್ಬೇಡ" ಅನ್ನುವುದು ಬೇರೆ, "ಈ ಜೋಕ್ ಬಿಡು" ಅನ್ನುವುದು ಬೇರೆ. ಮೊದಲನೆಯದು ಗೆಳೆತನದ ಕರಾರನ್ನೇ ತಿದ್ದುವ ಮಾತು. ಎರಡನೆಯದು ಒಂದು ಸಾಲು ಹೊಡೆದುಹಾಕುವ ಮಾತು.

ಅವನು ಒಂದೆರಡು ಹೆಜ್ಜೆ ಸುಮ್ಮನೆ ನಡೆದ. ಆಮೇಲೆ ಅಂದ, "ಅಲ್ಲೋ, ನೀನೇ ನಗ್ತಿದ್ದೆಯಲ್ಲೋ?"

ಈ ಪ್ರಶ್ನೆ ಬಂದೇ ಬರುತ್ತದೆ, ತಯಾರಿರಬೇಕು. ಇಲ್ಲಿ "ಸುಮ್ನೆ ನಗ್ತಿದ್ದೆ, ಒಳಗೆ ಬೇರೆ ಇತ್ತು" ಅಂದರೆ ಕೆಲಸ ಕೆಟ್ಟಿತು. ಮೂರು ವರ್ಷದ ನಗುವನ್ನೆಲ್ಲ ಸುಳ್ಳು ಮಾಡಿದ ಹಾಗೆ. ಇನ್ನು ಮುಂದೆ ನಾನು ಯಾವುದಕ್ಕೆ ನಕ್ಕರೂ ಅವನಿಗೆ ಅನುಮಾನ ಉಳಿಯುತ್ತದೆ. ನಿಜ ಅದಕ್ಕಿಂತ ಸರಳವಾಗಿತ್ತು, ಅದನ್ನೇ ಹೇಳಿದೆ. "ನಗ್ತಿದ್ದೆ, ಆಗ ಚೆನ್ನಾಗೇ ಇತ್ತು. ಈಗ ಹಳೇದಾಯ್ತು."

"ನಾನು ತಮಾಷೆಗೆ ಅಂದಿದ್ದು ಕಣೋ. ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತು. ಅವಳಿಗೆ ಗೊತ್ತಿಲ್ಲ."

ತಮಾಷೆಗೆ ಅಂದಿದ್ದು ಅನ್ನುವುದು ನುಣುಚಿಕೊಳ್ಳುವ ಮಾತು ಅಂತ ಬಹಳ ಜನ ಸಿಟ್ಟಾಗುತ್ತಾರೆ. ಆಗಬೇಕಾಗಿಲ್ಲ. ಜಸ್ಟಿನ್ ಕ್ರೂಗರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ, ಇನ್ನಿಬ್ಬರ ಜೊತೆ ಸೇರಿ 2006ರಲ್ಲಿ ರೇಗಿಸುವುದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದ್ದರು. ರೇಗಿಸುವವರಿಗೆ ತಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೇ ಆ ಮಾತು ಎದುರಿಗಿರುವವರಿಗೂ ಹಗುರವಾಗಿಯೇ ಕೇಳಿಸಿತು ಅಂದುಕೊಳ್ಳುತ್ತಾರೆ. ರೇಗಿಸಿಕೊಂಡವರಿಗೆ ಆ ಒಳಮನಸ್ಸು ಅಷ್ಟು ಕಾಣುವುದಿಲ್ಲ, ಕಿವಿಗೆ ಬಿದ್ದ ಮಾತೇ ಕಾಣುತ್ತದೆ. ಅಂದರೆ "ತಮಾಷೆಗೆ ಅಂದಿದ್ದು" ಅನ್ನುವವನು ಸಾಮಾನ್ಯವಾಗಿ ಸುಳ್ಳು ಹೇಳುತ್ತಿರುವುದಿಲ್ಲ. ತನ್ನ ಕಡೆಯಿಂದ ಕಂಡ ನಿಜ ಹೇಳುತ್ತಿರುತ್ತಾನೆ. ಅವನ ಉದ್ದೇಶದ ಬಗ್ಗೆ ವಾದಕ್ಕೆ ಇಳಿದರೆ ನಾವು ಸೋಲುತ್ತೇವೆ, ಯಾಕಂದರೆ ಅದು ಅವನಿಗೇ ಚೆನ್ನಾಗಿ ಗೊತ್ತಿರುವ ವಿಷಯ. ಒಪ್ಪಿಕೊಂಡು ಮುಂದೆ ಹೋಗಬೇಕು. ಬೇಡಿಕೆ ಉದ್ದೇಶದ ಬಗ್ಗೆ ಅಲ್ಲವೇ ಅಲ್ಲ, ಆ ಸಾಲಿನ ಬಗ್ಗೆ.

ಅವನು ಬಿಟ್ಟ ಮುಂದಿನ ಮಾತು ಎಲ್ಲಕ್ಕಿಂತ ಅಪಾಯದ್ದು. "ಸರಿ ಬಿಡಪ್ಪ. ಇನ್ಮೇಲೆ ನಿನ್ ಬಗ್ಗೆ ಏನೂ ಅನ್ನಲ್ಲ."

ಅದರಲ್ಲಿ ಕೋಪವೂ ಇತ್ತು, ನಾಚಿಕೆಯೂ ಇತ್ತು, ಸ್ವಲ್ಪ ಪರೀಕ್ಷೆಯೂ ಇತ್ತು. ಇಲ್ಲಿ "ಥ್ಯಾಂಕ್ಸ್" ಅಂದುಬಿಟ್ಟರೆ ಗೆಳೆಯನೊಬ್ಬ ಕಡಿಮೆಯಾದ, ಪರಿಚಯದವನೊಬ್ಬ ಜಾಸ್ತಿಯಾದ ಅಂತಲೇ ಲೆಕ್ಕ. ನಾನು ಅಂದೆ, "ಏನೂ ಅನ್ನಲ್ಲ ಅಂದ್ರೆ ಯಾವನಿಗೆ ಬೇಕು ನಿನ್ ಸಹವಾಸ? ನನ್ ಸ್ಕೂಟರ್ ಇದೆ, ನನ್ ಹೊಟ್ಟೆ ಇದೆ, ಕಾಲೇಜ್ ಡೇಲಿ ಹಾಡು ಮರೆತು ನಿಂತಿದ್ದಿದೆ. ಅದೊಂದು ಬಿಡು, ಮಿಕ್ಕಿದ್ದೆಲ್ಲ ನಿಂದೇ."

"ಹಾಡಿನ ವಿಷಯ ನೀನೇ ಎತ್ತಿದ್ದು, ನೆನಪಿಟ್ಕೋ" ಅಂದ. ಆಮೇಲೆ ಅವನ ಅಣ್ಣನ ಸೈಟಿನ ಖಾತೆ ಬದಲಾವಣೆ ವಿಷಯ ಬಂತು. ಇನ್ನು ಅರ್ಧ ಸುತ್ತು ಅದೇ. ಒಟ್ಟು ಮಾತು ಎರಡು ನಿಮಿಷವೂ ಇಲ್ಲ. ಇನ್ನೂ ಎಳೆಯಬಹುದಿತ್ತು. ಎಳೆದಿದ್ದರೆ ಅವನು ಕ್ಷಮೆ ಕೇಳಬೇಕಾಗುತ್ತಿತ್ತು, ನಾನು ಕ್ಷಮಿಸಬೇಕಾಗುತ್ತಿತ್ತು. ಗಂಡಸರ ಗೆಳೆತನದಲ್ಲಿ ಆ ಎರಡೂ ಬಹಳ ಭಾರದ ಸಾಮಾನು. ಒಪ್ಪಿದ್ದು ಗೊತ್ತಾದ ಮೇಲೆ ಇನ್ನೇನು ಬೇಕು?

ಎಲ್ಲರೂ ಕಷ್ಟ ಅಂದುಕೊಳ್ಳುವುದು ಈ ಮಾತನ್ನೇ. ನನ್ನ ಪ್ರಕಾರ ಕಷ್ಟ ಇದ್ದಿದ್ದು ಆಮೇಲೆ.

ಮುಂದಿನ ಭಾನುವಾರ ಬಿಲ್ಲು ಬಂತು. ಅಭ್ಯಾಸದಂತೆ ಅವನ ಕೈ ಹೊರಟಿತು, ಅರ್ಧ ದಾರಿಯಲ್ಲಿ ನಿಂತಿತು, ಪಕ್ಕದಲ್ಲಿದ್ದ ಸೋಂಪಿನ ತಟ್ಟೆಗೆ ಹೋಯಿತು. ನಾನು ನೋಡದ ಹಾಗಿದ್ದೆ. ಎದುರಿಗಿದ್ದ ಇನ್ನೊಬ್ಬ ಬಿಡಬೇಕಲ್ಲ. "ಏನೋ, ಖಾತೆ ಹಂಚಿಕೆ ಇಲ್ವಾ ಇವತ್ತು?" ಅಂದ. ಒಬ್ಬನ ಜೋಕು ಮೂರು ವರ್ಷದಲ್ಲಿ ಮೇಜಿನ ಜೋಕಾಗಿತ್ತು. ನಾನು ಕೇಳಿಕೊಂಡಿದ್ದು ಒಬ್ಬನ ಹತ್ತಿರ. ನನ್ನ ಗೆಳೆಯ ಮಾಡಿದ್ದು ನೋಡಿ. ಸೋಂಪು ಅಗಿಯುತ್ತಾ "ಆ ಸರ್ಕಾರ ಬಿದ್ದೋಯ್ತು ಬಿಡೋ" ಅಂದ. ಎಲ್ಲರೂ ನಕ್ಕರು. ನಾನು ನಿಜವಾಗಿಯೂ ನಕ್ಕೆ. ನನ್ನ ಕೈಲಿ ಆಗದ ಕೆಲಸ ಅದು. ಜೋಕು ಹುಟ್ಟಿಸಿದವನೇ ಅದಕ್ಕೆ ಬೀಗ ಹಾಕಿದರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಹಾಗಾಗಿ ಹೇಳುವುದಾದರೆ ಮೂಲದವನಿಗೇ ಹೇಳಬೇಕು, ಅವನ ಜೊತೆ ನಗುವವರಿಗೆ ಅಲ್ಲ.

ಒಂದು ತಿಂಗಳಾದ ಮೇಲೆ ಒಂದು ಸಲ ಬಾಯಿ ತಪ್ಪಿತು. ಹೇಳಿದ ಕೂಡಲೇ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮೂರು ವರ್ಷದ ರೂಢಿ, ಬಿಲ್ಲು ಕಂಡರೆ ಬಾಯಿ ತಾನಾಗೇ ತೆರೆಯುತ್ತದೆ. ಮರೆತು ಅಂದಿದ್ದಕ್ಕೂ ಬೇಕಂತ ಅಂದಿದ್ದಕ್ಕೂ ವ್ಯತ್ಯಾಸ ಹೇಳಿದ ನಂತರದ ಕ್ಷಣದಲ್ಲಿ ಕಾಣುತ್ತದೆ. ಮರೆತವನು ನಮ್ಮ ಮುಖ ನೋಡುತ್ತಾನೆ. ಬೇಕಂತ ಅಂದವನು ಉಳಿದವರ ಮುಖ ನೋಡುತ್ತಾನೆ, ಎಷ್ಟು ನಗು ಬಂತು ಅಂತ. "ಅಯ್ಯೋ, ಇವನ ಮುಂದೆ ಅದನ್ನ ಹೇಳಂಗಿಲ್ಲ, ಬೇಜಾರ್ ಮಾಡ್ಕೋತಾನೆ" ಅಂತ ಸೇರಿಸಿದರೆ ಮುಗಿಯಿತು. ಆಗ ನಾವು ಕೇಳಿಕೊಂಡಿದ್ದೇ ಹೊಸ ಜೋಕಾಗಿರುತ್ತದೆ, ಇನ್ನೊಂದು ಸಲ ವಾಕಿಂಗ್ ಹೋದರೂ ಪ್ರಯೋಜನ ಇರುವುದಿಲ್ಲ.

ನನಗೆ ಬಂದ ತೊಂದರೆ ಅದಲ್ಲ, ಅದರ ಉಲ್ಟಾ. ಅವನು ಒಳ್ಳೆಯವನಾಗಿಬಿಟ್ಟ. ಮಾತು ತೂಗಿ ಆಡಲು ಶುರು ಮಾಡಿದ. "ಬೇಜಾರಿಲ್ಲ ತಾನೆ?" ಅಂತ ಕೇಳಲು ಶುರು ಮಾಡಿದ. ನನ್ನ ಕೆಲಸದ ಬಗ್ಗೆ ಗೌರವದಿಂದ ವಿಚಾರಿಸಿದ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕೇಳದವನು "ಕರಡು ಕೆಲಸ ಚೆನ್ನಾಗಿ ನಡೀತಿದೆಯಾ?" ಅಂದ, ಥೇಟ್ ಬೀಗರ ಹಾಗೆ. ನನ್ನ ಸ್ಕೂಟರಿನ ಬಗ್ಗೆ ಒಂದೂ ಮಾತಿಲ್ಲ, ಅದು ಸಿಗ್ನಲ್ಲಿನಲ್ಲಿ ಎರಡು ಸಲ ಆಫ್ ಆದರೂ.

ಬೀಗರು ಅಂದಾಗ ನೆನಪಾಯಿತು. ನಮ್ಮ ಕಡೆ ಹಳ್ಳಿ ಮದುವೆಗಳಲ್ಲಿ ಬೀಗರನ್ನು ಹಂಗಿಸುವ ಹಾಡು ಹಾಡುತ್ತಿದ್ದರು. ಹೆಂಗಸರು ಸೇರಿಕೊಂಡು ಗಂಡಿನ ಕಡೆಯವರ ಹೊಟ್ಟೆ, ಮೂಗು, ಜಿಪುಣತನ ಯಾವುದನ್ನೂ ಬಿಡುತ್ತಿರಲಿಲ್ಲ. ಬೀಗರು ಮುಖ ಊದಿಸಿಕೊಳ್ಳುವ ಹಾಗಿಲ್ಲ. ರ‍್ಯಾಡ್‌ಕ್ಲಿಫ್-ಬ್ರೌನ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞ 1940ರಲ್ಲಿ ಇಂಥ ಸಂಬಂಧಗಳ ಬಗ್ಗೆ ಬರೆದಿದ್ದರು. ಕೆಲವು ನಂಟುಗಳಲ್ಲಿ ಒಬ್ಬರನ್ನು ಗೇಲಿ ಮಾಡಲು ಪದ್ಧತಿಯೇ ಅನುಮತಿ ಕೊಡುತ್ತದೆ, ಕೆಲವು ಕಡೆ ಮಾಡಲೇಬೇಕು ಅನ್ನುತ್ತದೆ, ಇನ್ನೊಬ್ಬರು ತಪ್ಪು ತಿಳಿಯಬಾರದು. ನಂಟು ಹತ್ತಿರವೂ ಹೌದು, ತಿಕ್ಕಾಟಕ್ಕೂ ಜಾಗ ಇದೆ, ಅಂಥ ಕಡೆ ಗೇಲಿ ಎರಡನ್ನೂ ನಿಭಾಯಿಸುತ್ತದೆ ಅನ್ನುವುದು ಅವರ ವಾದ. ಗೆಳೆಯರ ನಡುವೆಯೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಬೀಗರ ಹಾಡಿಗೆ ಒಂದು ಅನುಕೂಲ ಇದೆ, ಮದುವೆ ಮುಗಿದರೆ ಹಾಡೂ ಮುಗಿಯುತ್ತದೆ. ಮಾರನೇ ವರ್ಷ ಗೌರಿ ಹಬ್ಬಕ್ಕೆ ಬಂದ ಬೀಗರ ಮುಂದೆ ಅದನ್ನೇ ಯಾರೂ ಹಾಡುವುದಿಲ್ಲ. ಗೆಳೆಯರ ಜೋಕಿಗೆ ಆ ಗಡುವು ಇಲ್ಲ, ಯಾರಾದರೂ ಬಾಯಿ ಬಿಟ್ಟು ಕೇಳಬೇಕು. ಕೇಳಿದಾಗ ಒಂದು ಜೋಕಿನ ಜೊತೆ ಇಡೀ ಗೇಲಿಯ ಅನುಮತಿಯೇ ರದ್ದಾಯಿತು ಅಂತ ಎದುರಿನವನು ತಿಳಿಯಬಹುದು. ನನ್ನ ಗೆಳೆಯ ತಿಳಿದಿದ್ದು ಅದನ್ನೇ.

ಇದನ್ನು ಮಾತಿನಲ್ಲಿ ಸರಿ ಮಾಡಲು ಆಗುವುದಿಲ್ಲ. "ಮೊದಲಿನ ಹಾಗೆ ರೇಗಿಸು" ಅಂತ ಹೇಳಿ ರೇಗಿಸಿಕೊಳ್ಳುವುದು ಹೇಗೆ? ನಾನೇ ಶುರು ಮಾಡಬೇಕಾಯಿತು. ಅವನು ಕೂದಲಿಗೆ ಹೊಸದಾಗಿ ಬಣ್ಣ ಹಾಕಿಕೊಂಡು ಬಂದಿದ್ದ. ಸ್ವಲ್ಪ ಜಾಸ್ತಿಯೇ ಕಪ್ಪು, ಕಿವಿಯ ಮೇಲೂ ಒಂದು ಚುಕ್ಕಿ. ಬೇರೆ ದಿನವಾಗಿದ್ದರೆ ಬಿಡುತ್ತಿದ್ದೆನೋ ಏನೋ. ಅವತ್ತು ಬಿಡಲಿಲ್ಲ. "ಒದ್ದೆ ಇದೆಯಾ ಇನ್ನೂ? ಗೋಡೆಗೆ ಒರಗ್ಬೇಡ, ಹೋಟ್ಲವ್ರು ಸುಣ್ಣಬಣ್ಣದ ಚಾರ್ಜ್ ಹಾಕ್ತಾರೆ" ಅಂದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಕಾಫಿ ಲೋಟ ಕೆಳಗಿಟ್ಟು, ನನ್ನ ಹೊಟ್ಟೆಯಿಂದ ಶುರು ಮಾಡಿ, ಸ್ಕೂಟರ್ ದಾಟಿ, ಕಾಲೇಜ್ ಡೇ ಹಾಡಿನವರೆಗೂ ಬಂದ. ತಡೆದಿಟ್ಟಿದ್ದೆಲ್ಲ ಬಂತು. ಹಾಡು ಮರೆತ ಪ್ರಸಂಗವನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದ. ನನ್ನ ಮಗಳು ಕುರ್ಚಿಯಿಂದ ಜಾರುವಷ್ಟು ನಕ್ಕಳು.

ಇಷ್ಟು ಹೇಳಿದ್ದು ಒಳ್ಳೆಯ ಗೆಳೆಯನ ಒಳ್ಳೆಯ ಜೋಕಿನ ಬಗ್ಗೆ, ಹಳಸಿದ್ದರ ಬಗ್ಗೆ. ಜಾತಿ, ಬಣ್ಣ, ಮಗು ಆಗದಿರುವುದು, ಸತ್ತವರು, ಇಂಥವುಗಳ ಮೇಲಿನ ಜೋಕಿಗೆ ಕೆರೆ ಏರಿಯೂ ಬೇಡ, ಉಪಕಾರದ ಧಾಟಿಯೂ ಬೇಡ. ಅಲ್ಲೇ, ಅಂದ ಜಾಗದಲ್ಲೇ, ಬೇಡ ಅನ್ನಬೇಕು. ಮೇಜು ಮೌನವಾದರೆ ಆಗಲಿ. ದುಡ್ಡಿಗೋ ಕೆಲಸಕ್ಕೋ ನಾವು ಅವಲಂಬಿಸಿರುವವರು, ಅಂದರೆ ಮೇಲಧಿಕಾರಿ, ಮನೆ ಓನರ್, ಮಾವನವರು, ಅವರ ಜೋಕಿಗೂ ಇದು ನಡೆಯುವುದಿಲ್ಲ. "ಮಿಕ್ಕಿದ್ದೆಲ್ಲ ನಿಂದೇ" ಅಂತ ಅವರಿಗೆ ಹೇಳಲು ಆಗುವುದಿಲ್ಲ, ಹೇಳಬಾರದು ಕೂಡ. ಸಮಾನರ ನಡುವೆ ಮಾತ್ರ ನಡೆಯುವ ವ್ಯವಹಾರ ಇದು.

ಮಗಳಿಗೆ ಬೇರೆಯಾಗಿ ಏನೂ ಹೇಳಲಿಲ್ಲ. ಗ್ಯಾಸ್ ಬಂದಾಗ ದುಡ್ಡು ಅವಳ ಕೈಲೇ ಕೊಡಿಸುತ್ತೇನೆ, ಚಿಲ್ಲರೆ ಎಣಿಸಿ ತೆಗೆದುಕೊಂಡು ಬರುತ್ತಾಳೆ. ಖಾತೆ ಯಾರದು ಅನ್ನುವ ಮಾತು ಈಗ ಅವಳ ಬಾಯಲ್ಲಿಲ್ಲ.

ಇನ್ನೊಬ್ಬ ಇದ್ದಾನಲ್ಲ, ಎದುರಿಗೆ ಕೂರುವವನು, ಅವನು ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ. ಸರ್ಕಾರ ಬಿದ್ದ ಮೇಲೂ "ಮಾಜಿ ಸಚಿವರೇ" ಅಂತ ಕರೆಯುತ್ತಾನೆ. ಅವನ ಹತ್ತಿರವೂ ಮಾತಾಡಬೇಕಾಗಬಹುದು, ಇಲ್ಲ ಬಿಟ್ಟುಬಿಡಲೂಬಹುದು. ಮಾಜಿ ಅನ್ನುವುದು ಅಷ್ಟೇನೂ ಕೆಟ್ಟದಾಗಿ ಕೇಳುತ್ತಿಲ್ಲ. ಮುಂದಿನ ಸಲ ನಾವೆಲ್ಲ ಸೇರುವುದು ಅವನ ಮನೆಯ ಗೃಹಪ್ರವೇಶಕ್ಕೆ. ಅಲ್ಲಿ ಊಟಕ್ಕೆ ಬಿಲ್ಲು ಬರುವುದಿಲ್ಲ, ಹಾಗಾಗಿ ಅರ್ಜೆಂಟೇನಿಲ್ಲ.